ಬೀರುವಿನ ಯಾಶಿಕಾ: ಮಾಡೆಲ್, ಸ್ಥಿತಿ, ಬೆಲೆ

ಸುಮಾ ಕೇಳಿದ್ದು: "ಅಣ್ಣ, ನಮ್ಮ ಮಾವನವರ ಬೀರುವಿನಲ್ಲಿದ್ದ ಹಳೆಯ ಕ್ಯಾಮೆರಾದ ಫೋಟೋ ಹಾಕಿದ್ದೇನೆ, ನೋಡು. ಮಾರಿಬಿಡು ಎಂದು ಅವರೇ ಹೇಳಿದರು. ಇದು ಯಾವ ಮಾಡೆಲ್? ಎಷ್ಟು ಕೇಳಬಹುದು? ಜಾಹೀರಾತಿಗೆ ನಾಲ್ಕು ಸಾಲು ಬರೆದುಕೊಡು."

ಸುಮಾ, ಮೊದಲು ಹೆಸರಿನ ವಿಷಯ ಮುಗಿಸುತ್ತೇನೆ. ಇದು ರೋಲಿಫ್ಲೆಕ್ಸ್, ಲಕ್ಷ ರೂಪಾಯಿ ಬರುತ್ತದೆ ಎಂದು ಗುಂಪಿನಲ್ಲಿ ಬಂದ ಮಾತನ್ನು ನಂಬಬೇಡ. ಮೇಲೊಂದು ಕೆಳಗೊಂದು ಲೆನ್ಸ್ ಇರುವ ಈ ಆಕಾರ ಜರ್ಮನಿಯ ರೋಲಿಫ್ಲೆಕ್ಸ್‌ನದ್ದು ನಿಜ, ಆದರೆ ಅದೇ ಆಕಾರದಲ್ಲಿ ಜಪಾನಿನ ಯಾಶಿಕಾ ಕಂಪನಿಯೂ ಬಹಳ ಕ್ಯಾಮೆರಾಗಳನ್ನು ಮಾಡಿತು. ನಿನ್ನ ಮೊದಲ ಫೋಟೋದಲ್ಲಿ ಯಾಶಿಕಾ ಎಂಬ ಹೆಸರು ಸ್ಪಷ್ಟವಾಗಿದೆ, ಮಾಡೆಲ್ ಬರೆದಿರುವ ಕಡೆ ಮಾತ್ರ ಫ್ಲಾಶ್ ಬೆಳಕು ಬಡಿದು ಅಕ್ಷರ ಅಳಿಸಿದಂತಿದೆ. ಹಾಗಾಗಿ ನಾನು ಬೇರೆ ಗುರುತು ಹುಡುಕಿದೆ. ಬಲಗಡೆ ರೀಲ್ ತಿರುಗಿಸಲು ಮಡಚುವ ಕ್ರ್ಯಾಂಕ್ ಇದೆ. ಯಾಶಿಕಾ-ಡಿ ಆಗಿದ್ದರೆ ಅಲ್ಲಿ ದುಂಡನೆಯ ಗುಂಡಿ ಇರುತ್ತಿತ್ತು. ಬೆಳಕು ಅಳೆಯುವ ಮೀಟರ್ ಇದೆ. ಇಷ್ಟರಿಂದ 124 ಅಥವಾ 124ಜಿ ಇರಬಹುದು ಎನಿಸಿತು. ಈ ಎರಡರಲ್ಲಿ 124ರ ಅಂಚು, ಪಟ್ಟಿಗಳು ಬೆಳ್ಳಿ ಬಣ್ಣದವು, 124ಜಿಯದು ಕಪ್ಪು. ನಿನ್ನದು ಪೂರ್ತಿ ಕಪ್ಪು. ನಿನ್ನೆ ರಾತ್ರಿ ನಾನು ಹೇಳಿದಂತೆ ಕಿಟಕಿಯ ಪಕ್ಕ, ಫ್ಲಾಶ್ ಇಲ್ಲದೆ, ಸ್ವಲ್ಪ ಓರೆಯಾಗಿ ಹಿಡಿದು ತೆಗೆದ ಫೋಟೋದಲ್ಲಿ 'ಜಿ' ಕೂಡ ಕಂಡಿತು. ಇದು ಯಾಶಿಕಾ ಮ್ಯಾಟ್ 124ಜಿ, 1970ರಲ್ಲಿ ಬಂದ ಮಾಡೆಲ್, 1980ರ ದಶಕದವರೆಗೂ ತಯಾರಾಯಿತು. 120 ರೀಲ್ ಹಾಕಿದರೆ 12 ಚೌಕ ಚಿತ್ರ ಬರುತ್ತದೆ. ಆ ರೀಲ್ ಈಗಲೂ ಸಿಗುವುದರಿಂದಲೇ ಈ ಕ್ಯಾಮೆರಾವನ್ನು ಕೇಳುವವರಿದ್ದಾರೆ.

ಮಾಡೆಲ್ ಅನ್ನು ಫೋಟೋ ಹೇಳಿತು, ಸ್ಥಿತಿಯನ್ನು ಅದು ಹೇಳುವುದಿಲ್ಲ. ಬೆಲೆ ನಿಲ್ಲುವುದು ಸ್ಥಿತಿಯ ಮೇಲೆ. ಮುಂದಿನಿಂದ ತೆಗೆದ ನಿನ್ನ ಫೋಟೋಗಳಲ್ಲಿ ಲೆನ್ಸ್ ಹೊಳೆಯುತ್ತಿದೆ, ಯಾರೇ ನೋಡಿದರೂ ಹೊಸದರಂತಿದೆ ಎನ್ನುತ್ತಾರೆ. ಅದಕ್ಕೇ ನಿನಗೆ ಹಿಂಬಾಗಿಲು ತೆರೆದು, ಷಟರ್ ವೇಗವನ್ನು, ಒತ್ತಿ ಹಿಡಿದಷ್ಟು ಹೊತ್ತು ಷಟರ್ ತೆರೆದೇ ಇರುವ 'ಬಿ'ಗೆ ಇಟ್ಟು, ಅಪರ್ಚರ್ ಅನ್ನು 3.5ಕ್ಕೆ ಪೂರ್ತಿ ತೆರೆದು, ಗುಂಡಿಯನ್ನು ಒತ್ತಿ ಹಿಡಿದುಕೊಂಡು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡು ಎಂದದ್ದು. ಆ ಬೆಳಕಿನಲ್ಲಿ ಮುಂದಿನಿಂದ ನೋಡಿದಾಗ ಕೆಳಗಿನ ಲೆನ್ಸ್‌ನ ಅಂಚಿನಲ್ಲಿ ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡವಲ್ಲ, ಅದು ಶಿಲೀಂಧ್ರ, ಅಂದರೆ ಫಂಗಸ್. ಗಾಳಿಯಾಡದ ಬೀರುವಿನಲ್ಲಿ, ಚರ್ಮದ ಚೀಲದೊಳಗೆ ಮಳೆಗಾಲಗಳನ್ನು ಕಳೆದ ಲೆನ್ಸ್‌ಗೆ ಇದು ಸಾಮಾನ್ಯ. ನಡುಭಾಗ ಸ್ವಚ್ಛವಾಗಿದೆ, ಅದು ನಿನ್ನ ಭಾಗ್ಯ. ಮೇಲಿನ ಲೆನ್ಸ್‌ನಲ್ಲಿ ಮಂಜು ಇದ್ದರೂ ಅಷ್ಟು ಚಿಂತೆಯಿಲ್ಲ. ಅದು ನಾವು ಇಣುಕಿ ನೋಡಲಿಕ್ಕೆ ಮಾತ್ರ, ರೀಲಿನ ಮೇಲೆ ಚಿತ್ರ ಬೀಳಿಸುವುದು ಕೆಳಗಿನದು.

ಎರಡನೆಯದು ಷಟರ್. ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಮೊಬೈಲಿನಲ್ಲಿ ಧ್ವನಿ ಹಿಡಿದು ಕಳಿಸಿದೆಯಲ್ಲ, ಅದರಲ್ಲಿ ತೆರೆಯುವ ಸದ್ದಿಗೂ ಮುಚ್ಚುವ ಸದ್ದಿಗೂ ನಡುವೆ ಎರಡು ಸೆಕೆಂಡಿನಷ್ಟು ಅಂತರವಿದೆ. ಒಳಗಿನ ಹಳೆಯ ಎಣ್ಣೆ ಗಟ್ಟಿಯಾಗಿರುವುದರ ಲಕ್ಷಣ ಇದು. ವೇಗದ ಅಂಕಿಗಳಲ್ಲಿ ಸದ್ದು ಚುರುಕಾಗಿ ಬರುತ್ತಿದೆ, ಆದರೆ 500ರ ವೇಗ, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗ, ನಿಜವಾಗಿ ಅಷ್ಟೇ ಇದೆಯೇ ಎಂದು ಕಿವಿಯಿಂದ ಹೇಳಲಾಗದು. ಆದ್ದರಿಂದ "ಎಲ್ಲ ವೇಗಗಳೂ ಸರಿ" ಎಂದು ಬರೆಯಬೇಡ.

ಮೂರನೆಯದು ಮೀಟರ್. ಮೇಲಿನ ಮುಚ್ಚಳ ತೆರೆದರೆ ಅದರ ಸೂಚಿ ಜೀವ ಪಡೆಯಬೇಕು, ನಿನ್ನದು ಅಲುಗುವುದಿಲ್ಲ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಕಾಣುತ್ತಿದೆ. ಇದಕ್ಕೆ ಹಾಕುತ್ತಿದ್ದ 1.35 ವೋಲ್ಟ್ ಪಾದರಸದ ಬ್ಯಾಟರಿಯ ಮಾರಾಟ ನಿಂತುಹೋಗಿದೆ. ಅದೇ ಗಾತ್ರದ 1.5 ವೋಲ್ಟಿನದನ್ನು ಹಾಕಿದರೂ ಅಳತೆ ತಪ್ಪುತ್ತದೆ. ಕಿಲುಬು ಕೆರೆದು ಹೊಸ ಬ್ಯಾಟರಿ ಹಾಕುವ ಪ್ರಯತ್ನ ಈಗ ಬೇಡ, ಸತ್ತಿದೆ ಎಂದೇ ಬರೆಯೋಣ. ಮೀಟರ್ ಇಲ್ಲದೆಯೂ ಈ ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಷಟರ್‌ಗೆ ಬ್ಯಾಟರಿ ಬೇಕಿಲ್ಲ.

ಇನ್ನು ಬೆಲೆ. ಪೂರ್ತಿ ಸರ್ವಿಸ್ ಆದ, ಲೆನ್ಸ್ ಸ್ವಚ್ಛವಿರುವ, ಮೀಟರ್ ಓಡುವ 124ಜಿಗೆ ನಾನು 22,000 ರೂಪಾಯಿ ಲೆಕ್ಕ ಹಿಡಿಯುತ್ತೇನೆ. ಕೊಂಡವನು ಲೆನ್ಸ್ ಬಿಚ್ಚಿಸಿ ಒರೆಸಿ, ಷಟರ್ ತೊಳೆಸಲು 5,000ದವರೆಗೆ ಖರ್ಚು ಮಾಡಬೇಕಾಗಬಹುದು. ಸತ್ತ ಮೀಟರ್‌ಗೆ 2,000 ಕಳೆ. ಫಂಗಸ್ ಲೆನ್ಸ್‌ನ ಲೇಪನವನ್ನು ತಿಂದಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆ, ಆ ಅಪಾಯವನ್ನು ಹೊರುವವನು ಅವನು, ಅದಕ್ಕೆ ಇನ್ನೊಂದು ಸಾವಿರ. ಉಳಿದದ್ದು 14,000. ಅದನ್ನೇ ಕೇಳು, 12,000ಕ್ಕಿಂತ ಕೆಳಗೆ ಇಳಿಯಬೇಡ. ಬೇರೆಯವರ ಜಾಹೀರಾತಿನಲ್ಲಿ 35,000 ಕಂಡರೆ ಅದು ಅವರು ಕೇಳಿದ ಬೆಲೆ, ಯಾರೋ ಕೊಟ್ಟ ಬೆಲೆಯಲ್ಲ. ಮೊದಲು ರಿಪೇರಿ ಮಾಡಿಸಿ ಆಮೇಲೆ ಮಾರೋಣ ಎಂದು ನಿಮ್ಮ ಮನೆಯವರು ಹೇಳಿದರೂ ಒಪ್ಪಬೇಡ. ಎರಡು ಲೆನ್ಸಿನ ಇಂಥ ಕ್ಯಾಮೆರಾ ಬಿಚ್ಚಿ ಅಭ್ಯಾಸವಿಲ್ಲದವರ ಕೈಗೆ ಸಿಕ್ಕರೆ ಸ್ಕ್ರೂ ತಲೆಗಳು ಕೆತ್ತಿಹೋಗುತ್ತವೆ, ತಿಳಿದ ಗಿರಾಕಿ ಮೊದಲು ನೋಡುವುದೇ ಅದನ್ನು.

ಜಾಹೀರಾತು ಹೀಗಿರಲಿ. ಶೀರ್ಷಿಕೆಯಲ್ಲಿ ಹೆಸರನ್ನು ಜನ ಹುಡುಕುವಂತೆ ಇಂಗ್ಲಿಷಿನಲ್ಲೇ ಹಾಕು:

"Yashica Mat-124G, 14,000 ರೂಪಾಯಿ, ತುಮಕೂರು. ಒಬ್ಬರೇ ಬಳಸಿದ್ದು, ಬಹಳ ವರ್ಷ ಬೀರುವಿನಲ್ಲಿತ್ತು. 120 ರೀಲಿನ ಕ್ಯಾಮೆರಾ, 80 ಎಂಎಂ 3.5 ಲೆನ್ಸ್. ಕೆಳಗಿನ ಲೆನ್ಸ್‌ನ ಅಂಚಿನಲ್ಲಿ ಫಂಗಸ್ ಇದೆ, ನಡುಭಾಗ ಸ್ವಚ್ಛ. ಟಾರ್ಚ್ ಬೆಳಕಿನ ಫೋಟೋ ನೋಡಿ. ಒಂದು ಸೆಕೆಂಡಿನ ವೇಗ ನಿಧಾನ, ಧ್ವನಿಮುದ್ರಣ ಕೇಳಿದರೆ ಕಳಿಸುತ್ತೇವೆ. ಉಳಿದ ವೇಗಗಳಲ್ಲಿ ಷಟರ್ ತೆರೆದು ಮುಚ್ಚುತ್ತದೆ, ನಿಖರತೆ ಅಳೆದಿಲ್ಲ. ಮೀಟರ್ ಓಡುವುದಿಲ್ಲ, ಬ್ಯಾಟರಿ ಗೂಡಿನಲ್ಲಿ ಕಿಲುಬು. ಕ್ರ್ಯಾಂಕ್ ಮತ್ತು ಫೋಕಸ್ ಸರಾಗ. ನಾವು ರೀಲ್ ಹಾಕಿ ನೋಡಿಲ್ಲ. ಚರ್ಮದ ಚೀಲದ ಹೊಲಿಗೆ ಒಂದು ಕಡೆ ಬಿಚ್ಚಿದೆ, ಲೆನ್ಸ್ ಮುಚ್ಚಳ ಇದೆ. ಬಂದು ನೋಡಿ ಕೊಳ್ಳಬಹುದು."

"ರೀಲ್ ಹಾಕಿ ನೋಡಿಲ್ಲ" ಎಂಬ ಸಾಲನ್ನು ತೆಗೆಯಬೇಡ ಸುಮಾ. ಅದೊಂದಿದ್ದರೆ ಆಮೇಲೆ ಚಿತ್ರ ಸರಿಯಾಗಿ ಬರಲಿಲ್ಲ ಎಂದು ಯಾರೂ ಮಾವನವರ ಮನೆ ಬಾಗಿಲಿಗೆ ಬಂದು ನಿಲ್ಲುವುದಿಲ್ಲ.

ಕೊಳ್ಳುವವರು ಹೆಚ್ಚಾಗಿ ಬೆಂಗಳೂರಿನವರೇ ಇರುತ್ತಾರೆ. ರೈಲು ಹತ್ತಿ ಬರಲಿ, ಹಿಂಬಾಗಿಲು ತೆರೆದು ಟಾರ್ಚ್ ಬಿಟ್ಟು ತೃಪ್ತಿಯಾಗುವವರೆಗೆ ನೋಡಲಿ. ನೋಡದೆ ಪೂರ್ತಿ ಹಣ ಕೊಡುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವನು ಮೋಸಗಾರ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಅಲ್ಲಿಯವರೆಗೆ ಲೆನ್ಸ್ ಅನ್ನು ಸೆರಗಿನಿಂದಲೋ ಕರವಸ್ತ್ರದಿಂದಲೋ ಒರೆಸಬೇಡ, ಎಲ್ಲಿಗೂ ಎಣ್ಣೆ ಬಿಡಬೇಡ. ಸ್ವಯಂ ಟೈಮರ್‌ನ ಸಣ್ಣ ಕಡ್ಡಿಯನ್ನು ಮಕ್ಕಳು ಮುಟ್ಟದಂತೆ ನೋಡಿಕೋ, ಹಳೆಯ ಷಟರ್‌ಗಳಲ್ಲಿ ಅದನ್ನು ಎಳೆದರೆ ಷಟರೇ ಸಿಕ್ಕಿಕೊಳ್ಳುವುದುಂಟು. ಚೀಲದ ಹೊಲಿಗೆ ಬಿಚ್ಚಿರುವ ಕಡೆಯದು ಒಂದು ಫೋಟೋ ಇನ್ನೂ ಬೇಕು, ನಾಳೆ ಬೆಳಗ್ಗೆ ಬೆಳಕಿರುವಾಗ ತೆಗೆದು ಕಳಿಸು, ಆಮೇಲೆ ಜಾಹೀರಾತು ಹಾಕೋಣ.