ಪಿಲ್ಲರ್ ಒಂದು ಕಮ್ಮಿ ಮಾಡಿದ್ರೆ ಖರ್ಚು ಯಾಕೆ ಜಾಸ್ತಿ? ಮನೆಯವರಿಗೆ ಹೇಗೆ ಬರೆಯೋದು?

ಪ್ರಶ್ನೆ (ಕೆಲಸ ಶುರುಮಾಡಿ ಎರಡು ವರ್ಷವಾದ ಆರ್ಕಿಟೆಕ್ಟ್):
ಪಾಯ ಮುಗಿದು ನೆಲಮಹಡಿಯ ಪಿಲ್ಲರ್‌ಗಳು ಎದ್ದಿವೆ. ಮೋಲ್ಡ್ ಇನ್ನೂ ಹಾಕಿಲ್ಲ. ಈಗ ಮನೆಯವರಿಗೆ ಹಾಲ್, ಊಟದ ಕೋಣೆ ಎರಡೂ ಒಂದಾಗಬೇಕಂತೆ, ನಡುವಿನ ಪಿಲ್ಲರ್ ಬೇಡವಂತೆ. 12 ಅಡಿಯ ಎರಡು ಅಂಕಣ ಸೇರಿ 24 ಅಡಿ ಆಗುತ್ತೆ. ಫೋನಲ್ಲಿ ಕೇಳಿದಾಗ ನಾನು "ಆಗುತ್ತೆ ಸರ್, ಮಾಡೋಣ" ಅಂದುಬಿಟ್ಟೆ. ಸ್ಟ್ರಕ್ಚರಲ್ ಇಂಜಿನಿಯರ್ ಮೇಲುಮೇಲಿನ ಲೆಕ್ಕ ಮಾಡಿ, ಒಟ್ಟು ಅಂದಾಜಿನ ಮೇಲೆ ನೂರಕ್ಕೆ 6 ಜಾಸ್ತಿ, 35 ದಿನ ತಡ ಅಂದರು. "ಪಿಲ್ಲರ್ ಒಂದು ಕಮ್ಮಿ ಆದ್ರೆ ದುಡ್ಡೂ ಕಮ್ಮಿ ಆಗ್ಬೇಕಲ್ವಾ?" ಅಂತ ಮನೆಯವರು ಕೇಳ್ತಿದ್ದಾರೆ. ಪತ್ರ ಹೇಗೆ ಬರೆಯಲಿ?

ಉತ್ತರ (ಹಿರಿಯ ಆರ್ಕಿಟೆಕ್ಟ್):
ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಪತ್ರ ಆ ಮಾತಿಗೇ ಉತ್ತರ ಕೊಡಬೇಕು. "ವಿನ್ಯಾಸ ಬದಲಾವಣೆಯಿಂದ ವೆಚ್ಚ ಹೆಚ್ಚಿದೆ" ಅಂತ ಒಂದು ಸಾಲು ಬರೆದರೆ ಯಾರಿಗೂ ಏನೂ ತಿಳಿಯಲ್ಲ, ಅನುಮಾನ ಮಾತ್ರ ಬೆಳೆಯುತ್ತೆ. ಆ ಪಿಲ್ಲರ್ ಎಷ್ಟು ಭಾರ ಹೊರುತ್ತಿತ್ತು, ಅದನ್ನು ತೆಗೆದರೆ ಆ ಭಾರ ಎಲ್ಲಿಗೆ ಹೋಗುತ್ತೆ ಅಂತ ತೋರಿಸಿ. ಖರ್ಚೂ ದಿನಗಳೂ ಅದರ ಹಿಂದೆಯೇ ಬರುತ್ತವೆ.

ಇನ್ನೊಂದು ಮಾತು. ಫೋನಲ್ಲಿ ಆಡಿದ್ದನ್ನು ಪತ್ರದಲ್ಲಿ ಒಪ್ಪಿಕೊಳ್ಳಿ. ಅವರಿಗೆ ಅದು ಚೆನ್ನಾಗಿ ನೆನಪಿರುತ್ತೆ. ನೀವು ಮುಚ್ಚಿಟ್ಟರೆ ಕೆಳಗೆ ಬರೆದ ಲೆಕ್ಕವನ್ನೂ ಅವರು ನಂಬಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

*ನಮಸ್ಕಾರ ಸರ್,*

*ನಡುವಿನ ಪಿಲ್ಲರ್ ತೆಗೆಯಬಹುದಾ ಅಂತ ನೀವು ಕೇಳಿದಾಗ ಆಗುತ್ತೆ ಅಂದೆ. ಆಗುವುದು ನಿಜ. ಆದರೆ ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸುವ ಮೊದಲೇ ಹಾಗೆ ಹೇಳಿದ್ದು ನನ್ನ ತಪ್ಪು. ಈಗ ಲೆಕ್ಕ ಬಂದಿದೆ.*

*ಈ ಸಾಲಿನಲ್ಲಿ ಮೂರು ಪಿಲ್ಲರ್‌ಗಳಿವೆ. ಅವುಗಳ ಮೇಲೆ ಕೂರುವ ಬೀಮಿನ ಭಾರವನ್ನು 16 ಪಾಲು ಅಂದುಕೊಳ್ಳಿ. ಅದರಲ್ಲಿ ಸುಮಾರು 10 ಪಾಲನ್ನು ನಡುವಿನ ಪಿಲ್ಲರ್ ಒಂದೇ ಹೊರುತ್ತದೆ. ಎರಡು ತುದಿಯವು ತಲಾ 3 ಪಾಲು ಹೊರುತ್ತವೆ. ನಡುವಿನದನ್ನು ತೆಗೆದರೆ ಆ 10 ಪಾಲು ಎಲ್ಲೂ ಮಾಯವಾಗುವುದಿಲ್ಲ, ತುದಿಯ ಪಿಲ್ಲರ್‌ಗಳ ಮೇಲೆ ತಲಾ 8 ಪಾಲು ಬೀಳುತ್ತದೆ. ನಾವು ಅವುಗಳ ಫುಟಿಂಗ್ ಹಾಕಿದ್ದು 3 ಪಾಲಿನ ಲೆಕ್ಕದಲ್ಲಿ. ಆದ್ದರಿಂದ ಆ ಎರಡು ಕಡೆ ಮಣ್ಣು ಬಗೆದು, ಫುಟಿಂಗ್ ಅಗಲ ಮಾಡಿ, ಪಿಲ್ಲರ್ ಸುತ್ತ ಕಂಬಿ ಕಟ್ಟಿ ದಪ್ಪ ಮಾಡಬೇಕು. ನಡುವಿನ ಪಿಲ್ಲರ್ ಒಡೆಯುವುದು ಒಂದು ದಿನದ ಕೆಲಸ. ಅದರ ಫುಟಿಂಗ್ ಮಣ್ಣಿನಲ್ಲೇ ಉಳಿಯುತ್ತದೆ. ಅದಕ್ಕೆ ಆದ ಖರ್ಚು ವಾಪಸ್ ಬರುವುದಿಲ್ಲ.*

*ಬೀಮ್ ಕೂಡ ಬದಲಾಗುತ್ತದೆ. ಅಂಕಣ ಎರಡು ಪಟ್ಟಾದರೆ ಬೀಮನ್ನು ಬಗ್ಗಿಸುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಈಗಿರುವ 15 ಇಂಚು ಎತ್ತರದ ಬೀಮ್ ಸಾಲದು, 24 ಇಂಚಾದರೂ ಬೇಕು. ನೆಲದಿಂದ ಮೋಲ್ಡಿನ ಮೇಲ್ಭಾಗಕ್ಕೆ 10 ಅಡಿ ಇದೆ. ನೆಲಹಾಸು ಹಾಕಿದ ಮೇಲೆ ಬೀಮಿನ ಕೆಳಗೆ ಸುಮಾರು 7 ಅಡಿ 9 ಇಂಚು ಉಳಿಯುತ್ತದೆ. ದಯವಿಟ್ಟು ಒಮ್ಮೆ ಸೈಟಿಗೆ ಬನ್ನಿ. ಆ ಎತ್ತರಕ್ಕೆ ದಾರ ಕಟ್ಟಿಸಿರುತ್ತೇನೆ, ಕೆಳಗೆ ನಿಂತು ನೋಡಿ.*

*ಹೆಚ್ಚುವರಿ ಖರ್ಚು ಒಟ್ಟು ಅಂದಾಜಿನ ನೂರಕ್ಕೆ 6. ಅದರಲ್ಲಿ ಫುಟಿಂಗಿಗೆ 2, ಪಿಲ್ಲರ್ ದಪ್ಪ ಮಾಡಲು 1, ಬೀಮಿಗೆ 2, ಒಡೆಯುವ ಕೆಲಸ ಮತ್ತು ಇಂಜಿನಿಯರ್ ಡ್ರಾಯಿಂಗ್ ಸೇರಿ 1.*

*ದಿನಗಳ ಲೆಕ್ಕ ಹೀಗಿದೆ. ವಿವರವಾದ ಲೆಕ್ಕ ಮತ್ತು ಡ್ರಾಯಿಂಗಿಗೆ 10, ಫುಟಿಂಗಿಗೆ 12, ಪಿಲ್ಲರಿಗೆ 6. ಮೋಲ್ಡ್ ಹಾಕಿದ ಮೇಲೆ ಬೀಮಿನ ಕೆಳಗಿನ ಜಾಕಿಗಳು 14 ದಿನದ ಬದಲು 21 ದಿನ ನಿಲ್ಲಬೇಕು, ಅದು 7. ಒಟ್ಟು 35. ಹೊಸ ಬೀಮಿಗೆ ಕಂಬಿ ಕಟ್ಟುವುದನ್ನು ಇದರಲ್ಲಿ ಸೇರಿಸಿಲ್ಲ, ಹಳೆಯ ಬೀಮಿಗೂ ಅಷ್ಟೇ ದಿನ ಬೇಕಿತ್ತು.*

*ಇನ್ನೊಂದು ದಾರಿ ಇದೆ. ಪಿಲ್ಲರ್ ಇರಲಿ, ಅದರ ಎರಡೂ ಬದಿಯ ಗೋಡೆ ಮಾತ್ರ ಕಟ್ಟದೆ ಬಿಡೋಣ. ಖರ್ಚು ಹೆಚ್ಚುವುದಿಲ್ಲ, ದಿನವೂ ಹೆಚ್ಚುವುದಿಲ್ಲ. ಹಾಲಿನ ನಡುವೆ 9 ಇಂಚು ಅಗಲದ ಒಂದು ಕಂಬ ಕಾಣುತ್ತದೆ.*

*ಯಾವುದನ್ನು ಆರಿಸಿದರೂ 18ನೇ ತಾರೀಖಿನೊಳಗೆ ಬರೆದು ತಿಳಿಸಿ. ಅಂದು ಸೆಂಟ್ರಿಂಗ್ ಹಲಗೆ ಕಟ್ಟಲು ಶುರುಮಾಡಬೇಕು. ಕಟ್ಟಿದ ಮೇಲೆ ಬದಲಾಯಿಸಿದರೆ ಅದನ್ನು ಬಿಚ್ಚುವ ಕೂಲಿಯೂ ಸೇರುತ್ತದೆ. ನಿಮ್ಮ ಉತ್ತರ ಬರುವ ತನಕ ಆ ಮೂರು ಪಿಲ್ಲರ್ ಬಿಟ್ಟು ಉಳಿದ ಕಡೆ ಕೆಲಸ ನಡೆಯುತ್ತಿರುತ್ತದೆ.*

ಪತ್ರ ಇಷ್ಟೇ. ದಾರ ಕಟ್ಟಿಸೋದನ್ನು ಮಾತ್ರ ಮರೀಬೇಡಿ. ಕಾಗದದ ಮೇಲೆ 24 ಇಂಚು ಅಂದರೆ ಯಾರ ಕಣ್ಣಿಗೂ ಕಟ್ಟಲ್ಲ. ನಾನು ಒಮ್ಮೆ ಆ ಎತ್ತರಕ್ಕೆ ಬಿಳಿ ದಾರ ಎಳೆಸಿದ್ದೆ. ಮನೆಯ ಹಿರಿಯರು ಕೆಳಗೆ ನಿಂತು ಕೈ ಮೇಲೆತ್ತಿದರು, ಬೆರಳು ದಾರಕ್ಕೆ ತಾಗಿತು. ಸುಮ್ನೆ ಕೈ ಇಳಿಸಿ "ಪಿಲ್ಲರ್ ಇರ್ಲಿ ಬಿಡಿ" ಅಂದರು.

ದಿನಗಳ ವಿಷಯದಲ್ಲಿ ಹೊಸಬರು ಎಡವೋದು ಎಲ್ಲವನ್ನೂ ಕೂಡಿಸಿಬಿಡೋದರಲ್ಲಿ. ಬೇರೆ ಕೆಲಸ ಯಾವುದಕ್ಕಾಗಿ ಕಾದು ನಿಲ್ಲುತ್ತೋ ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಮನೆಯವರು ಮೇಸ್ತ್ರಿಯನ್ನು ಕೇಳೇ ಕೇಳ್ತಾರೆ. ಅವನು ಒಂದು ದಿನ ಸುಳ್ಳು ಅಂದರೂ 35 ಪೂರ್ತಿ ಸುಳ್ಳಾಗುತ್ತೆ.

ಒಬ್ಬ ಕಂಟ್ರಾಕ್ಟರ್:
ಇಷ್ಟೆಲ್ಲ ಯಾಕೆ ಸರ್? ಕಾಂಕ್ರೀಟ್ ಬೀಮ್ ಬಿಟ್ಟು ಕಬ್ಬಿಣದ ಐ ಬೀಮ್ ಇಡಿ. ಎತ್ತರ ಕಮ್ಮಿ, 21 ದಿನ ಕಾಯೋದೂ ಇಲ್ಲ. 35 ದಿನದ ಮಾತೇ ಬರಲ್ಲ.

ಹಿರಿಯ ಆರ್ಕಿಟೆಕ್ಟ್:
ಅರ್ಧ ಸರಿ. ಬೀಮಿನ ಕೆಳಗೆ ಜಾಗ ಜಾಸ್ತಿ ಸಿಗುತ್ತೆ, ಬೀಮಿಗೆ ಜಾಕಿ ಬೇಡ. ಆದರೆ ಮೋಲ್ಡಿನ ಜಾಕಿ ಅದರ ಪಾಡಿಗೆ ಇರಲೇಬೇಕಲ್ವಾ? ಬೀಮ್ ಯಾವುದಾದರೂ ತುದಿಯ ಪಿಲ್ಲರಿಗೆ ಬರೋದು ಅದೇ 8 ಪಾಲು. ಅಂದರೆ ಫುಟಿಂಗಿನ 12 ದಿನ, ಪಿಲ್ಲರಿನ 6 ದಿನ ಎಲ್ಲೂ ಹೋಗಲ್ಲ. ಕಾಂಕ್ರೀಟ್ ಪಿಲ್ಲರಿಗೆ ಕಬ್ಬಿಣ ಕೂರಿಸಲು ಪ್ಲೇಟು, ಬೋಲ್ಟು ಬೇಕು. ತುಕ್ಕಿಗೂ ಬೆಂಕಿಗೂ ರಕ್ಷಣೆ ಕೊಡಬೇಕು. ಹೆಚ್ಚೆಂದರೆ ಒಂದು ವಾರ ಉಳಿಯಬಹುದು. ಖರ್ಚು ಉಳಿಯುತ್ತೆ ಅಂತ ನಾನು ಹೇಳಲಾರೆ. ಮೂರನೆಯ ದಾರಿ ಅಂತ ಪತ್ರದಲ್ಲಿ ಸೇರಿಸಬಹುದು, ಮೊದಲು ಇಂಜಿನಿಯರ್ ನೋಡಲಿ.

ಮನೆ ಕಟ್ಟಿಸುತ್ತಿರುವವರು:
ನಮ್ಮ ಆರ್ಕಿಟೆಕ್ಟ್ ಕೂಡ ಹೀಗೇ. ಕಿಟಕಿ ಎರಡಡಿ ಪಕ್ಕಕ್ಕೆ ಹಾಕಿ ಅಂದಿದ್ದಕ್ಕೆ ಮತ್ತೆ ಫೀಸ್ ಕೇಳ್ತಿದ್ದಾರೆ. ಇವರೆಲ್ಲ ಬದಲಾವಣೆ ಅಂದ ಕೂಡಲೇ ದುಡ್ಡು ಕೀಳ್ತಾರೆ.

ಹಿರಿಯ ಆರ್ಕಿಟೆಕ್ಟ್:
ಇಲ್ಲಿ ಮಾತು ಫೀಸಿನದಲ್ಲ, ಕಟ್ಟಡದ ಖರ್ಚಿನದು. ಆದರೂ ನಿಮಗೊಂದು ಪ್ರಶ್ನೆ. ಗೋಡೆ ಕಟ್ಟಿ ಆಗಿತ್ತಾ? ಕಟ್ಟುವ ಮೊದಲು ಹೇಳಿದ್ದರೆ ಒಂದು ಡ್ರಾಯಿಂಗ್ ತಿದ್ದುವ ಕೆಲಸ, ಅಷ್ಟೇ. ಕಟ್ಟಿದ ಮೇಲಾದರೆ ಲಿಂಟಲ್ ಒಡೆಯಬೇಕು, ಅದು ಬೇರೆ ಲೆಕ್ಕ. ಯಾವ ಕೆಲಸಕ್ಕೆ ಎಷ್ಟು ಅಂತ ಬಿಡಿಸಿ ಬರೆದುಕೊಡಿ ಅಂತ ಕೇಳಿ. ಅದು ನಿಮ್ಮ ಹಕ್ಕು.

ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು:
ಪತ್ರ ಚೆನ್ನಾಗಿದೆ. ಎರಡು ಮಾತು. 16 ಪಾಲಿನ ಲೆಕ್ಕ ಅರ್ಥವಾಗಲಿ ಅಂತ ಹೇಳಲು ಸರಿ. ಆದರೆ ತುದಿಯ ಪಿಲ್ಲರಿಗೆ ಬೇರೆ ದಿಕ್ಕಿನ ಬೀಮುಗಳ ಭಾರವೂ ಬರುತ್ತೆ. ಹಾಗಾಗಿ ಅದರ ಒಟ್ಟು ಭಾರ 3ಕ್ಕೆ 8ರ ಲೆಕ್ಕದಲ್ಲಿ ಏರಲ್ಲ, ಅದಕ್ಕಿಂತ ಕಮ್ಮಿ ಏರುತ್ತೆ. ನಾಲ್ಕು ಪಟ್ಟು ಒತ್ತಡ ಅಂದ ಮಾತ್ರಕ್ಕೆ ಕಂಬಿಯೂ ನಾಲ್ಕು ಪಟ್ಟು ಅಂತ ಮನೆಯವರು ತಿಳಿಯಬಾರದು. ಬೀಮಿನ ಎತ್ತರ ಏರಿಸಿದಷ್ಟೂ ಕಂಬಿ ಕಮ್ಮಿ ಸಾಕು.

ಎರಡನೆಯದು ಜಾಸ್ತಿ ಮುಖ್ಯ. ಆ 24 ಅಡಿಯ ಮೇಲೆ ಏನಿದೆ? ನಡುವಿನ ಪಿಲ್ಲರ್ ಮೇಲಿನ ಮಹಡಿಗೂ ಹೋಗುತ್ತಿದ್ದರೆ ಅದು ಬೀಮಿನ ನಟ್ಟನಡುವೆ ಬಂದು ಕೂರುತ್ತೆ. ಆಗ ಈ 24 ಇಂಚು, ಈ ನೂರಕ್ಕೆ 6, ಯಾವುದೂ ನಿಲ್ಲಲ್ಲ. ನಾನಾದರೆ ಅಂಥದ್ದು ಬೇಡವೇ ಬೇಡ ಅನ್ನುತ್ತೇನೆ.

ಕೇಳಿದವರು:
ಮೇಲೆ ಬರೀ ತಾರಸಿ ಸರ್, ಪಿಲ್ಲರ್ ಮೋಲ್ಡಿಗೇ ಮುಗಿಯುತ್ತೆ. ಆದರೆ ಮುಂದೆ ಒಂದು ರೂಮು ಹಾಕ್ಬಹುದು ಅಂತ ಮನೆಯವರು ಒಮ್ಮೆ ಅಂದಿದ್ದರು. ಇಂಜಿನಿಯರಿಗೆ ನಾನು ಅದನ್ನು ಹೇಳಿಲ್ಲ.

ಸ್ಟ್ರಕ್ಚರಲ್ ಇಂಜಿನಿಯರ್:
ಹಾಗಾದರೆ ಪತ್ರ ಇವತ್ತು ಕಳಿಸಬೇಡಿ. ರೂಮಿನ ಭಾರ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಲೆಕ್ಕ ಮಾಡಿಸಿ. ರೂಮು ಬೇಡ ಅಂತಾದರೆ "ಈ ಬೀಮಿನ ಮೇಲೆ ಮುಂದೆ ಗೋಡೆ ಕಟ್ಟುವಂತಿಲ್ಲ" ಅಂತ ಪತ್ರದಲ್ಲೂ ಡ್ರಾಯಿಂಗಲ್ಲೂ ಬರೆಯಿರಿ. ಹತ್ತು ವರ್ಷದ ನಂತರ ಬರುವ ಮೇಸ್ತ್ರಿಗೆ ಈ ಮಾತುಕತೆ ಗೊತ್ತಿರಲ್ಲ.

ಕೇಳಿದವರು:
ಸರಿ ಸರ್, ನಾಳೆಯೇ ಮಾತಾಡ್ತೀನಿ. ಇನ್ನೊಂದು ಉಳಿದಿದೆ. ನಾನು ಮತ್ತೆ ಮಾಡುವ ಡ್ರಾಯಿಂಗಿಗೆ ಫೀಸ್ ಕೇಳಲಾ? ಫೋನಲ್ಲಿ ಒಪ್ಪಿದ್ದು ನಾನೇ.

ಹಿರಿಯ ಆರ್ಕಿಟೆಕ್ಟ್:
ನಾನು ಕೇಳಲ್ಲ. ಲೆಕ್ಕ ಇಲ್ಲದೆ ಆಗುತ್ತೆ ಅಂದದ್ದಕ್ಕೆ ಆ ಭಾರ ನನ್ನದು. ಇಂಜಿನಿಯರ್ ಫೀಸ್ ಮಾತ್ರ ಮನೆಯವರೇ ಕೊಡಬೇಕು.

ಸ್ಟ್ರಕ್ಚರಲ್ ಇಂಜಿನಿಯರ್:
ಇಲ್ಲಿ ನಾನು ಒಪ್ಪಲ್ಲ. ಪಿಲ್ಲರ್ ಎದ್ದ ಮೇಲೆ ಬದಲಾವಣೆ ಕೇಳಿದ್ದು ಅವರು. ಫೋನಲ್ಲಿ ನೀವು ಬೇಡ ಅಂದಿದ್ದರೂ ಅವರು ಬೇಕು ಅಂದರೆ ಡ್ರಾಯಿಂಗ್ ಮತ್ತೆ ಮಾಡಲೇಬೇಕಿತ್ತು. ಒಪ್ಪಂದದಲ್ಲಿ ಏನಿದೆ ಅಂತ ಮೊದಲು ನೋಡಿ.

ಕೇಳಿದವರು:
ಒಪ್ಪಂದದಲ್ಲಿ "ಸಣ್ಣಪುಟ್ಟ ತಿದ್ದುಪಡಿ ಫೀಸಿನಲ್ಲೇ ಸೇರಿದೆ" ಅಂತಿದೆ. ಸಣ್ಣದು ಅಂದರೆ ಎಷ್ಟು ಅಂತ ಬರೆದಿಲ್ಲ.