ಪದಚರ್ಚೆ: ‘ಅವನತ ಕೋನ’ ಚಿತ್ರದಲ್ಲಿ ಎಲ್ಲಿ ಬರಬೇಕು?

ಪ್ರಶ್ನೆ (ಹತ್ತನೇ ಕ್ಲಾಸಿನ ಹುಡುಗಿಯ ಅಮ್ಮ, ಶಿರಸಿ)

ಎಲ್ಲರಿಗೂ ನಮಸ್ಕಾರ. ಕೇಳುತ್ತಿರುವುದು ಒಂದು ಪದದ ಬಗ್ಗೆ, ಆದರೆ ಸಿಕ್ಕಿಹಾಕಿಕೊಂಡಿರುವುದು ಗಣಿತದಲ್ಲಿ. ಮಗಳ ಲೆಕ್ಕ ಹೀಗಿದೆ: 60 ಮೀಟರ್ ಎತ್ತರದ ಕಟ್ಟಡದ ಮೇಲಿಂದ ನೋಡಿದಾಗ ಎದುರಿನ ಗೋಪುರದ ತುದಿಯ ಅವನತ ಕೋನ 30°, ಬುಡದ ಅವನತ ಕೋನ 60°. ಗೋಪುರದ ಎತ್ತರ ಎಷ್ಟು?

ಅವಳು ಕಟ್ಟಡ ಬರೆದಳು, ಗೋಪುರ ಬರೆದಳು, ಕಣ್ಣಿನಿಂದ ಎರಡು ಓರೆ ಗೆರೆ ಎಳೆದಳು. ಎರಡೂ ಕೋನಗಳನ್ನು ಕಟ್ಟಡದ ಗೋಡೆಗೂ ಓರೆ ಗೆರೆಗೂ ನಡುವೆ ಗುರುತು ಹಾಕಿದಳು. ಉತ್ತರ ಮೈನಸ್ 120 ಮೀಟರ್ ಬಂತು! ‘ಅವನತ ಅಂದ್ರೆ ಕೆಳಗೆ ಬಾಗಿದ್ದು ಅಂತ ನೀನೇ ಹೇಳಿದೆ, ನಾನು ಕೆಳಗೇ ಹಾಕಿದ್ದೀನಲ್ಲ’ ಅನ್ನುತ್ತಾಳೆ. ಸರಿ, ಬಾಗಿದ್ದು ಯಾವುದು? ಯಾವ ಗೆರೆಯಿಂದ ಬಾಗಿದ್ದು? ಈ ಪದದಲ್ಲಿ ಅದರ ಸುಳಿವೇನಾದರೂ ಇದೆಯಾ?

ಉತ್ತರ (ನಿವೃತ್ತ ಕನ್ನಡ ಅಧ್ಯಾಪಕರು, ಮೈಸೂರು)

ಅಮ್ಮಾ, ‘ನತ’ ಅಂದರೆ ಬಾಗಿದ್ದು. ‘ಅವ’ ಸೇರಿದರೆ ಕೆಳಕ್ಕೆ ಬಾಗಿದ್ದು, ‘ಉತ್’ ಸೇರಿದರೆ ಮೇಲಕ್ಕೆ ಎದ್ದಿದ್ದು, ಅದೇ ಉನ್ನತ. ಅವನತಿ ಅಂತ ದಿನವೂ ಪೇಪರಿನಲ್ಲಿ ಓದುತ್ತೇವಲ್ಲ, ಆ ಮಾತೂ ಇದರ ಬಳಗದ್ದೇ. ಬಾಗಿದ್ದು ನೋಟ. ನೆಟ್ಟಗೆ ಎದುರಿಗೆ ನೋಡುತ್ತಿದ್ದವರು ಕಣ್ಣು ಎಷ್ಟು ಇಳಿಸಿದರು ಅನ್ನುವುದೇ ಆ ಕೋನ.

ಲೆಕ್ಕ ಮಾಡುವಾಗ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಒಂದೇ ಸೂತ್ರ: ಅವನತ ಕೋನ ಕೊಟ್ಟರೆ ಅದನ್ನು ಎದುರಿನ ಬುಡಕ್ಕೆ ಹಾಕು. ಎರಡು ಕೋನ ಕೊಟ್ಟರೆ ಎರಡನ್ನೂ ಬುಡಕ್ಕೇ ಹಾಕಲಿ.

ಉತ್ತರ (ಪ್ರೌಢಶಾಲೆಯ ಗಣಿತ ಮೇಷ್ಟ್ರು, ಹಾಸನ)

ಸರ್, ಪದದ ಬಗ್ಗೆ ನೀವು ಹೇಳಿದ್ದು ಒಪ್ಪಿದೆ, ಸೂತ್ರ ಮಾತ್ರ ಅರ್ಧ ಸರಿ. ಬುಡವನ್ನು ನೋಡಿದ 60° ಗೋಪುರದ ಬುಡಕ್ಕೆ ಹೋಗುತ್ತದೆ, ನಿಜ. 30° ತುದಿಯನ್ನು ನೋಡಿದ್ದು. ಅದು ತುದಿಯಲ್ಲೇ ಬರಬೇಕು. ಎರಡನ್ನೂ ಬುಡಕ್ಕೆ ಹಾಕಿದರೆ ತುದಿ ಎಲ್ಲಿದೆ ಅನ್ನುವ ಮಾಹಿತಿಯೇ ಚಿತ್ರದಿಂದ ಮಾಯವಾಗುತ್ತದೆ.

ಅಕ್ಕ, ನಿಮ್ಮ ಹುಡುಗಿ ಎಡವಿರುವುದು ಲೆಕ್ಕದಲ್ಲಲ್ಲ, ಚಿತ್ರ ಬರೆದ ಕ್ರಮದಲ್ಲಿ. ಕಟ್ಟಡ ಬರೆದ ಕೂಡಲೇ, ಓರೆ ಗೆರೆಗೂ ಮುಂಚೆ, ಕಣ್ಣಿನ ಮಟ್ಟದಲ್ಲಿ ಎದುರಿಗೆ ಒಂದು ಅಡ್ಡಗೆರೆ ಚುಕ್ಕೆಚುಕ್ಕೆಯಾಗಿ ಎಳೆಯಬೇಕು. ಲೆಕ್ಕದ ವಾಕ್ಯದಲ್ಲಿ ಆ ಗೆರೆಯ ಸುದ್ದಿಯೇ ಇರುವುದಿಲ್ಲ, ಅದಕ್ಕೇ ಮಕ್ಕಳು ಬಿಟ್ಟುಬಿಡುತ್ತಾರೆ. ಅದು ಇಲ್ಲದಿದ್ದರೆ ಕೋನ ಗುರುತಿಸಲು ಪಕ್ಕದಲ್ಲಿ ಸಿಗುವುದು ಗೋಡೆ ಒಂದೇ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಈಗ ಆ ಚುಕ್ಕೆಗೆರೆಯಿಂದ ಕೆಳಕ್ಕೆ 30° ಇಳಿದರೆ ಗೋಪುರದ ತುದಿ, 60° ಇಳಿದರೆ ಬುಡ. ತುದಿಯಿಂದ ಕಟ್ಟಡದ ಕಡೆಗೆ ಇನ್ನೊಂದು ಅಡ್ಡಗೆರೆ ಎಳೆಯಲಿ. ನೆಲದ ಗೆರೆಯೂ ಸೇರಿ ಮೂರು ಸಮಾಂತರ ಗೆರೆಗಳಾದವು, ಆದ್ದರಿಂದ ಪರ್ಯಾಯ ಕೋನಗಳ ನಿಯಮದಂತೆ 60° ಬುಡಕ್ಕೂ 30° ತುದಿಗೂ ಇಳಿಯುತ್ತವೆ. ಎರಡು ಲಂಬಕೋನ ತ್ರಿಭುಜ ಎದ್ದು ಕಾಣುತ್ತವೆ. ದೊಡ್ಡದರಲ್ಲಿ ಕಟ್ಟಡದ ಪೂರ್ತಿ 60 ಮೀಟರ್ ಇದೆ. ಚಿಕ್ಕದರಲ್ಲಿ ಗೋಪುರಕ್ಕಿಂತ ಕಟ್ಟಡ ಎಷ್ಟು ಹೆಚ್ಚಿದೆಯೋ ಅಷ್ಟು ಮಾತ್ರ, ಅದನ್ನು x ಅನ್ನೋಣ. ಎರಡಕ್ಕೂ ಅಡ್ಡ ದೂರ d ಒಂದೇ.

```
tan 60° = 60/d   →  d = 60/√3 = 20√3 ≈ 34.6 ಮೀ
tan 30° = x/d    →  x = 20√3 × 1/√3 = 20 ಮೀ
ಗೋಪುರ = 60 − 20 = 40 ಮೀ
```

ಇಲ್ಲಿ sin, cos ಬೇಡ, ಓರೆ ಗೆರೆಯ ಉದ್ದವನ್ನು ಯಾರೂ ಕೊಟ್ಟಿಲ್ಲ, ಕೇಳಿಯೂ ಇಲ್ಲ.

ಮೈನಸ್ 120 ಎಲ್ಲಿಂದ ಬಂತು ಅಂತಲೂ ನೋಡಿ. ಅವಳ ಚಿತ್ರದಲ್ಲಿ tan 60° = d/60 ಆಗಿ ದೂರ ಸುಮಾರು 104 ಮೀಟರ್ ಆಯಿತು, ಆಮೇಲೆ tan 30° = d/x ಆಗಿ x 180 ಮೀಟರ್ ಆಯಿತು. 60 ಮೀಟರ್ ಕಟ್ಟಡದಿಂದ 180 ಮೀಟರ್ ಕೆಳಗೆ ಗೋಪುರದ ತುದಿ! ಇದರಲ್ಲಿ ಕನಿಷ್ಠ ಮೈನಸ್ ಬಂದು ಎಚ್ಚರಿಸಿತು. ಒಂದೇ ಕೋನದ ಲೆಕ್ಕವಾಗಿದ್ದರೆ 104 ಅನ್ನುವ ಉತ್ತರ ಸರಿಯಾದದ್ದೇ ಇರಬೇಕು ಅನ್ನಿಸಿ ದಾಟಿಹೋಗುತ್ತಿತ್ತು. ಅದಕ್ಕೆ ನಾನು 45° ಹಿಡಿದು ನೋಡಿ ಅನ್ನುತ್ತೇನೆ. 45° ಇದ್ದರೆ ಎತ್ತರವೂ ದೂರವೂ ಸಮ. 60° ಅದಕ್ಕಿಂತ ಜಾಸ್ತಿ, ಅಂದರೆ ತೀರಾ ಕಾಲ ಬಳಿ ನೋಡುತ್ತಿದ್ದೇವೆ, ದೂರ 60ಕ್ಕಿಂತ ಕಡಿಮೆಯೇ ಇರಬೇಕು.

ಉತ್ತರ (ಸರ್ವೆ ಕೆಲಸದವನು, ಹುಬ್ಬಳ್ಳಿ)

ಹುಡುಗಿಯನ್ನು ಅಷ್ಟು ಸುಲಭಕ್ಕೆ ತಪ್ಪು ಅನ್ನಬೇಡಿ ಮೇಷ್ಟ್ರೇ. ನಮ್ಮ ಟೋಟಲ್ ಸ್ಟೇಷನ್ ಸಾಮಾನ್ಯವಾಗಿ ನಿಂತ ಗೆರೆಯಿಂದಲೇ ಕೋನ ಎಣಿಸುತ್ತದೆ. ನೆತ್ತಿಯ ಮೇಲೆ ನೇರ ಆಕಾಶಕ್ಕೆ 0°, ಎದುರಿಗೆ ಮಟ್ಟಸವಾಗಿ 90°. ಇದೇ ಗೋಪುರದ ತುದಿಗೆ 120°, ಬುಡಕ್ಕೆ 150° ಅಂತ ತೋರಿಸುತ್ತದೆ. 90 ಕಳೆದರೆ ನಿಮ್ಮ 30, 60 ಸಿಗುತ್ತವೆ. ಉಪಕರಣದ ಸೆಟ್ಟಿಂಗ್ ಬದಲಿಸಿ ಅಡ್ಡಗೆರೆಯಿಂದಲೂ ಎಣಿಸಬಹುದು. ಸೈಟಿಗೆ ಹೊಸದಾಗಿ ಬಂದ ಹುಡುಗರು ಯಾವುದು ಅಂತ ನೋಡದೆ ಬರೆದುಕೊಂಡು ಬರುತ್ತಾರೆ, ಆಮೇಲೆ ಆಫೀಸಿನಲ್ಲಿ ಕೂತು ಒದ್ದಾಡುತ್ತಾರೆ. ಹಾಗಾಗಿ ಗೋಡೆಯಿಂದ ಎಣಿಸುವುದೇ ತಪ್ಪು ಅಲ್ಲ. ಹಾಗೆ ಎಣಿಸಿದ್ದಕ್ಕೆ ‘ಅವನತ’ ಅನ್ನುವ ಹೆಸರಿಲ್ಲ, ಅಷ್ಟೇ.

ಉತ್ತರ (ತೋಟದವರು, ತೀರ್ಥಹಳ್ಳಿ)

ಎತ್ತರ ಅಳೆಯಲು ಇಷ್ಟೆಲ್ಲ ಯಾಕ್ರೀ? ಮಕ್ಕಳ ಜಾಮಿಟ್ರಿ ಬಾಕ್ಸಿನ 45° ಸೆಟ್‌ಸ್ಕ್ವೇರ್ ಕಣ್ಣಿಗೆ ಹಿಡಿದು ಹಿಂದಕ್ಕೆ ನಡೆಯಿರಿ. ಓರೆ ಅಂಚಿನ ನೇರಕ್ಕೆ ತೆಂಗಿನ ಸುಳಿ ಕಂಡ ಕಡೆ ನಿಂತು, ಮರಕ್ಕೆ ಟೇಪ್ ಹಿಡಿಯಿರಿ. 14 ಮೀಟರ್ ದೂರ ಇದ್ದರೆ ಮರವೂ 14. ಆದರೆ ನಮ್ಮ ತೋಟದಲ್ಲಿ ಮರ ಹತ್ತಿದವನು ಹಗ್ಗ ಬಿಟ್ಟು ಅಳೆದರೆ ಯಾವಾಗಲೂ ಜಾಸ್ತಿ ಬರುತ್ತೆ. ಯಾಕೆ?

ಉತ್ತರ (ಗಣಿತ ಮೇಷ್ಟ್ರು, ಹಾಸನ)

ಪ್ರಶ್ನೆ ಬೇರೆ ಕಡೆ ಹೊರಳಿತು, ಇರಲಿ, ಇದರಲ್ಲೂ ಬಿಟ್ಟುಹೋಗಿರುವುದು ಅದೇ ಚುಕ್ಕೆಗೆರೆ. ನಿಮ್ಮ ಅಡ್ಡಗೆರೆ ನೆಲದಲ್ಲಿಲ್ಲ, ಕಣ್ಣಿನ ಮಟ್ಟದಲ್ಲಿದೆ. 14ಕ್ಕೆ ಕಣ್ಣಿನ ಎತ್ತರ ಒಂದೂವರೆ ಮೀಟರ್ ಕೂಡಿಸಬೇಕು. ಇಳಿಜಾರಿನಲ್ಲಿ ಮರದ ಬುಡ ನಿಮ್ಮ ಪಾದಕ್ಕಿಂತ 2 ಮೀಟರ್ ಕೆಳಗಿದ್ದರೆ ಅದನ್ನೂ ಕೂಡಿಸಿ, ಹದಿನೇಳೂವರೆ ಆಯಿತು. ಟೇಪನ್ನು ಇಳಿಜಾರಿನ ಮೇಲೆ ಮಲಗಿಸಬೇಡಿ, ಮಟ್ಟಸವಾಗಿ ಹಿಡಿಯಿರಿ. ಮರ ವಾಲಿದ್ದರೆ ಸುಳಿ ಬುಡದ ನೇರಕ್ಕೆ ಇರುವುದಿಲ್ಲ, ಆಗ ಈ ತ್ರಿಭುಜವೇ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು

ಚುಕ್ಕೆಗೆರೆ ಎಳೆದ ಮೇಲೆ ಅವಳಿಗೇ 40 ಬಂತು, ನಾನು ಬಾಯಿ ಹಾಕಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಆ ಗೆರೆಗೆ ‘ಕ್ಷಿತಿಜ ರೇಖೆ’ ಅಂದರೆ ಅವಳು ದೂರದಲ್ಲಿ ಆಕಾಶ ನೆಲ ಕೂಡುವ ಕಡೆ ಎಳೆಯಲು ಹೋದಳು. ಮೇಷ್ಟ್ರು ‘ಅಡ್ಡಗೆರೆ’ ಅಂದಿದ್ದೇ ಅರ್ಥವಾಯಿತು. ಪರೀಕ್ಷೆಯಲ್ಲಿ ಹಾಗೆ ಬರೆದರೆ ನಡೆಯುತ್ತಾ?

ಉತ್ತರ (ನಿವೃತ್ತ ಕನ್ನಡ ಅಧ್ಯಾಪಕರು)

ನಡೆಯಬೇಕು. ಆದರೆ ಕ್ಷಿತಿಜವನ್ನು ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ದೂರದ ಆ ಅಂಚಿನ ಕಡೆ ನೆಟ್ಟಗೆ ನೋಡಿದರೆ ನೋಟ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇರುತ್ತದಲ್ಲ.

ಉತ್ತರ (ಸರ್ವೆ ಕೆಲಸದವನು)

ಸಮುದ್ರದ ದಂಡೆಯಲ್ಲಿ ಸರಿ ಸರ್. ಶಿರಸಿಯಲ್ಲಿ ನಿಂತರೆ ಎದುರಿಗೆ ಗುಡ್ಡವೇ ಕಾಣೋದು.