ಪದಚರ್ಚೆ: ‘ನಾಡಿಯ ಏರಿಳಿತ’ ಸರಿಯೇ? ಟೇಪರ್‌ಗೆ ಏನನ್ನೋಣ?

ವಿರಾಜಪೇಟೆಯಿಂದ ನಮಸ್ಕಾರ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಹತ್ತಿರ ಬಂತು. ನಮ್ಮ ಒಕ್ಕದ ಹುಡುಗರಿಗೆಂದು ಪಂದ್ಯದ ಮುಂಚಿನ ಎರಡು ವಾರ ಅಭ್ಯಾಸ ಕಡಿಮೆ ಮಾಡುವುದರ, ಅಂದರೆ ಟೇಪರ್‌ನ ಬಗ್ಗೆ ಒಂದು ಪುಟ ಬರೆದೆ. ಅದರಲ್ಲೊಂದು ಸಾಲು: ‘ಟೇಪರ್ ವಾರಗಳಲ್ಲಿ ಬೆಳಗಿನ ನಾಡಿ ಇಳಿಯುತ್ತದೆ, ನಾಡಿಯ ಏರಿಳಿತ ಹೆಚ್ಚುತ್ತದೆ.’ ವಾಚಿನಲ್ಲಿ HRV ಅಂತ ಬರುತ್ತದಲ್ಲ, ಅದಕ್ಕೆ ಏರಿಳಿತ ಅಂದೆ. ಓದಿದ ಚಿಕ್ಕಪ್ಪ, ‘ಹೆಚ್ಚಿದರೆ ಡಾಕ್ಟರಿಗೆ ತೋರಿಸಬೇಕಲ್ವಾ?’ ಅಂದರು. ಬೇರೆ ಪದ ಇದೆಯೇ? ಟೇಪರ್‌ಗೂ ಒಂದು ಬೇಕು.

ಸೋಮವಾರಪೇಟೆಯ ಮೇಷ್ಟ್ರು:
‘ವಿಶ್ರಾಂತಿ ವಾರ’ ಅನ್ನಿ, ಮುಗೀತು. ವಿಶ್ರಾಂತಿ ಸಿಕ್ಕಿದರೆ ನಾಡಿ ಇಳಿದೇ ಇಳಿಯುತ್ತದೆ. ನಿಮ್ಮ ಸಾಲು ಸರಿಯಾಗಿದೆ.

ಗೋಣಿಕೊಪ್ಪದಿಂದ:
ನನಗೂ ನಾಡಿ ಆಗಾಗ ಒಂದು ಬಡಿತ ಬಿಟ್ಟು ಹೊಡೆಯುತ್ತದೆ. ಕಾಫಿ ತೋಟದಲ್ಲಿದ್ದೂ ಕಾಫಿ ಬಿಟ್ಟೆ! ಇದೂ ಏರಿಳಿತವೇ ತಾನೆ?

ಮಡಿಕೇರಿಯಿಂದ, ಫಿಸಿಯೋಥೆರಪಿಸ್ಟ್:
ಅಕ್ಕಾ, ಅದು ಬೇರೆ. ಅದನ್ನು ಡಾಕ್ಟರಿಗೆ ತೋರಿಸಿ, ಒಂದು ಇಸಿಜಿ ಮಾಡಿಸಿ. ಇಲ್ಲಿ ಹೇಳುತ್ತಿರುವುದು ಎರಡು ಬಡಿತಗಳ ನಡುವಿನ ಬಿಡುವು. ನಿಮಿಷಕ್ಕೆ 60 ಬಡಿತ ಅಂದರೆ ಸೆಕೆಂಡಿಗೊಂದು ಅಂತ ಗಡಿಯಾರದ ಹಾಗೆ ಬೀಳುವುದಿಲ್ಲ. ಉಸಿರು ಎಳೆದಾಗ ಬಿಡುವು ಕಿರಿದಾಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಅದಕ್ಕೇ ನನ್ನ ಮತ ‘ಬಡಿತದ ಬಿಡುವಿನ ವ್ಯತ್ಯಾಸ’ಕ್ಕೆ. ಉದ್ದ ಜಾಸ್ತಿ, ಆದರೆ ಯಾರೂ ಹೆದರುವುದಿಲ್ಲ.

ಮೇಷ್ಟ್ರೇ, ‘ವಿಶ್ರಾಂತಿ’ ಅಂದರೆ ಹುಡುಗರು ಮಲಗಿಬಿಡುತ್ತಾರೆ. ಟೇಪರ್‌ನಲ್ಲಿ ಅಭ್ಯಾಸದ ಹೊತ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಓಟದ ಬಿರುಸು ಇಳಿಯುವುದಿಲ್ಲ. ಇನ್ನು ನಾಡಿ ಇಳಿದೇ ಇಳಿಯುತ್ತದೆ ಅನ್ನುವುದೂ ಅರ್ಧ ನಿಜ. ನಾನು ನೋಡಿಕೊಳ್ಳುವ ಮಿಡ್‌ಫೀಲ್ಡ್ ಹುಡುಗನೊಬ್ಬನಿಗೆ ಜೋರು ಅಭ್ಯಾಸದ ವಾರ ಬೆಳಗಿನ ನಾಡಿ 54, ಬಿಡುವಿನ ವ್ಯತ್ಯಾಸ 48 ಮಿಲಿಸೆಕೆಂಡ್ ಇತ್ತು. ಟೇಪರ್‌ನ ಮೊದಲ ವಾರ ದಣಿವು ಇಳಿದು 52 ಮತ್ತು 61 ಆಯಿತು. ಪಂದ್ಯಕ್ಕೆ ಮೂರು ದಿನ ಇರುವಾಗ 56 ಮತ್ತು 50. ‘ಫಿಟ್‌ನೆಸ್ ಹೋಯಿತು’ ಅಂತ ಗಾಬರಿಯಾಗಿ ಇನ್ನೂ ಓಡಲು ಹೊರಟಿದ್ದ, ತಡೆದೆ. ಅಭ್ಯಾಸ ಕಡಿಮೆಯಾದಾಗ ರಕ್ತದ ನೀರಿನಂಶ ಸ್ವಲ್ಪ ತಗ್ಗಬಹುದು, ಪಂದ್ಯದ ಪುಕುಪುಕು ಬೇರೆ. ಮೂರು ನಾಲ್ಕು ಬಡಿತ ಏರುವುದು ಅಪರೂಪವೇನಲ್ಲ. ದಿನದ ಅಂಕಿ ಬಿಟ್ಟು ಏಳು ದಿನದ ಸರಾಸರಿ ನೋಡಬೇಕು. ಎದ್ದ ಕೂಡಲೇ, ದಿನವೂ ಒಂದೇ ಭಂಗಿಯಲ್ಲಿ ಅಳೆಯಬೇಕು. ನಾಡಿ ಎಂಟು ಹತ್ತು ಏರಿ, ವ್ಯತ್ಯಾಸ ಎರಡು ಮೂರು ದಿನ ಕುಸಿದು, ಗಂಟಲೂ ಕೆರೆದರೆ ಅದು ಟೇಪರ್ ಅಲ್ಲ, ಜ್ವರ ಬರುವ ಸೂಚನೆ.

ಮೇಷ್ಟ್ರು ಮತ್ತೆ:
ಒಪ್ಪಿದೆ. ಹಾಗಾದರೆ ‘ಹಗುರ ವಾರ’?

ಮಡಿಕೇರಿಯಿಂದ:
ಹಗುರ ಅಂದರೆ ಸುಮ್ನೆ ಜಾಗಿಂಗ್ ಮಾಡುತ್ತಾರೆ, ಸರ್.

ವಿರಾಜಪೇಟೆಯಿಂದ:
ಸಾಲು ಬದಲಿಸಿದೆ: ‘ಮೊದಲು ನಾಡಿ ಸ್ವಲ್ಪ ಇಳಿಯಬಹುದು, ಕೊನೆಗೆ ತುಸು ಏರಬಹುದು, ಹೆದರಬೇಡಿ.’ ‘ಬಿಡುವಿನ ವ್ಯತ್ಯಾಸ’ ಚಿಕ್ಕಪ್ಪನಿಗೂ ಹಿಡಿಸಿತು. ಟೇಪರ್‌ಗೆ ಈಗ ‘ತಗ್ಗಿಸುವ ವಾರ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಹುಡುಗರು ಮಾತ್ರ ಟೇಪರ್ ಅಂತಲೇ ಅನ್ನುತ್ತಿದ್ದಾರೆ.